ಟವರ್ ಕರಾರು: ನಿಮ್ಮ ತಲೆಗೆ ಬರುವುದು ಏನು, ಯಾವ ತಾರೀಖಿಗೆ, ಅಪಾಯ ಎಲ್ಲಿ

ಚಿಕ್ಕಪ್ಪ, ಟವರ್ ಕಂಪನಿಯವರು ಜೂನ್ 9ರಂದು ಕಳಿಸಿದ ಮೇಲ್ ಪೂರ್ತಿ ಓದಿದೆ. ಮೇಲ್ ಜೊತೆಗಿದ್ದ 14 ಪುಟದ ಕರಡು, ಸ್ಕೆಚ್ಚು ಎರಡೂ ನೋಡಿದೆ. ನಮ್ಮ ಆಫೀಸಿನ ಸೀನಿಯರ್ ಹತ್ತಿರವೂ ಒಮ್ಮೆ ಕೂತು ಮಾತಾಡಿದೆ. ಒಂದೇ ಮಾತಲ್ಲಿ ಹೇಳುವುದಾದರೆ: ಬಾಡಿಗೆ ಪರವಾಗಿಲ್ಲ, ಆದರೆ ಕಾಗದ ಈಗಿರುವ ಹಾಗೆ ಸಹಿ ಹಾಕಬೇಡಿ. ಜಾಗದ ದಾಖಲೆ ವಿಷಯ ಸರಿಯಾಗುವ ತನಕವಂತೂ ಬೇಡವೇ ಬೇಡ.

ಅವರು ಕೇಳುತ್ತಿರುವುದು ಇಷ್ಟು. ತೋಟದ ಮೇಲಿನ ದಿಬ್ಬದಲ್ಲಿ 40 ಅಡಿಗೆ 50 ಅಡಿ ಜಾಗ, ಅಂದರೆ ಎರಡು ಗುಂಟೆಗೆ ಸ್ವಲ್ಪ ಕಮ್ಮಿ, 20 ವರ್ಷಕ್ಕೆ. ತಿಂಗಳಿಗೆ 12,000 ರೂಪಾಯಿ. ಮೂರು ವರ್ಷಕ್ಕೊಮ್ಮೆ ಶೇಕಡ 10 ಏರಿಕೆ.

ತಾರೀಖುಗಳು

ಜೂನ್ 23: ಒಪ್ಪಿಗೆ ಪತ್ರ ಕಳಿಸಬೇಕು. ಉತ್ತರ ಬರದಿದ್ದರೆ ಒಪ್ಪಿದ್ದೀರಿ ಅಂತ ತಿಳಿಯುತ್ತೇವೆ ಎಂದು ಬರೆದಿದ್ದಾರೆ. ಸುಮ್ನೆ ಕೂತವರನ್ನು ಒಪ್ಪಿದ್ದಾರೆ ಅನ್ನುವುದು ಕಾನೂನಲ್ಲಿ ನಿಲ್ಲುವ ಮಾತಲ್ಲ. ಆದರೂ ಅದರ ಒಳಗೆ ಒಂದು ಉತ್ತರ ಹೋಗಲಿ, ಕೆಳಗೆ ಬರೆದಿದ್ದೇನೆ.

ಜೂನ್ 27, 28: ಸರ್ವೆಯವರು ಬರುತ್ತಾರೆ. ಬರಲಿ, ಆದರೆ ಆ ದಿನ ಯಾವ ಕಾಗದಕ್ಕೂ ಸಹಿ ಬೇಡ. ಬಂದವರ ಹತ್ತಿರ "ಹಾಜರಾತಿ" ಅಂತ ಒಂದು ಹಾಳೆ ಇದ್ದರೂ ಬೇಡ.

ಜುಲೈ 7: ಪಹಣಿ, ಮ್ಯುಟೇಶನ್, ಇಸಿ, ತೆರಿಗೆ ರಸೀದಿ ಕೊಡಬೇಕು. ಜುಲೈ 31ಕ್ಕೆ ಅವರ ಆಫರ್ ಮುಗಿಯುತ್ತದೆ.

ನೀವು ಮಾಡಬೇಕಾದ್ದು

ಕಂಪನಿಯವರಿಗೆ ಹಗಲು ರಾತ್ರಿ ಯಾವಾಗ ಬಂದರೂ ದಾರಿ ಬಿಡಬೇಕು. ಬಿಡಬಹುದು. ಆದರೆ ಆ ದಾರಿ "ವಾಹನ ಓಡಾಡುವ ಸ್ಥಿತಿಯಲ್ಲಿ" ಇಡುವುದೂ ನಿಮ್ಮದೇ ಜವಾಬ್ದಾರಿ ಅಂತ ಕಲಂ 4.2ರಲ್ಲಿದೆ. ತೀರ್ಥಹಳ್ಳಿ ಮಳೆ ಗೊತ್ತಿದ್ದವರು ಯಾರೂ ಇದನ್ನು ಬರೆಯುವುದಿಲ್ಲ. ಜುಲೈಯಲ್ಲಿ ದರೆ ಕುಸಿದರೆ ಜೆಸಿಬಿ ಖರ್ಚು ಯಾರದ್ದು? ಈಗಿರುವ ಪ್ರಕಾರ ನಿಮ್ಮದು. ಕೊಳೆಗೆ ಔಷಧಿ ಹೊಡೆಸುವ ಹೊತ್ತಲ್ಲಿ ಆಳು ಸಿಗುವುದೇ ಕಷ್ಟ, ದಾರಿ ಸರಿ ಮಾಡಿಸುವುದಕ್ಕೆ ಎಲ್ಲಿಂದ ತರುತ್ತೀರಿ? ದಾರಿ ರಿಪೇರಿ ಅವರ ಖರ್ಚಲ್ಲೇ ಆಗಬೇಕು ಅಂತ ಬರೆಸಬೇಕು.

ಬೇಲಿಯಿಂದ 30 ಅಡಿಯೊಳಗೆ ಅಡ್ಡ ಬರುವ ಮರಗಳನ್ನು ಅವರೇ ಕಡಿಯಬಹುದು, ಪರಿಹಾರ ಇಲ್ಲ. ಆ ಜಾಗಕ್ಕೆ ಎರಡು ಕಡೆ ತೋಟ ತಾಗುತ್ತದೆ. ಒಂಬತ್ತು ಅಡಿ ಅಂತರದ ಲೆಕ್ಕ ಹಾಕಿ ನೋಡಿದೆ, ನಲವತ್ತಕ್ಕೂ ಜಾಸ್ತಿ ಅಡಿಕೆ ಮರ ಆ 30 ಅಡಿಯೊಳಗೆ ಬರುತ್ತವೆ. ಎಲ್ಲಾ ಕಡಿಯುತ್ತಾರೆ ಅಂತಲ್ಲ, ಕಡಿದರೆ ಕೇಳುವ ಹಾಗಿಲ್ಲ. ಇದಕ್ಕೆ ಮರಕ್ಕಿಷ್ಟು ಅಂತ ಪರಿಹಾರ, ಕಡಿಯುವ ಮೊದಲು ನಿಮ್ಮ ಬರಹದ ಒಪ್ಪಿಗೆ, ಎರಡೂ ಬೇಕು.

ಭೂಪರಿವರ್ತನೆ ಮಾಡಿಸಿಕೊಡುವುದು, ಜಮೀನಿನ ತೆರಿಗೆ ಕಟ್ಟುವುದು, ನೋಂದಣಿ ಖರ್ಚಿನ ಅರ್ಧ ಭರಿಸುವುದು, ಇವೂ ನಿಮ್ಮ ಪಾಲಿಗೇ ಹಾಕಿದ್ದಾರೆ. ಪರಿವರ್ತನೆ ಮತ್ತು ನೋಂದಣಿ ಅವರೇ ನೋಡಿಕೊಳ್ಳಲಿ ಅಂತ ಕೇಳೋಣ. ನೋಟರಿ ಸಾಕು ಅಂತ ಮೇಲ್‌ನಲ್ಲಿ ಬರೆದದ್ದು ಸರಿಯಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಲೇಬೇಕು. ಆಗದಿದ್ದರೆ ನಾಳೆ ಬಾಡಿಗೆ ಬಾಕಿ ಉಳಿದಾಗ ಆ ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋಗುವುದು ಕಷ್ಟ.

ಅಪಾಯ ಎಲ್ಲಿ

ಎಲ್ಲಕ್ಕಿಂತ ದೊಡ್ಡದು ಕಲಂ 9. ಜಾಗ ಪೂರ್ತಿ ನಿಮ್ಮದು, ಸಾಲ ಇಲ್ಲ, ತಕರಾರು ಇಲ್ಲ ಅಂತ ನೀವು ಭರವಸೆ ಕೊಡುತ್ತೀರಿ. ಸುಳ್ಳಾದರೆ ಕಂಪನಿಗೆ ಆದ ಅಷ್ಟೂ ನಷ್ಟ ನೀವೇ ತುಂಬಿಕೊಡಬೇಕು. ಅದಕ್ಕೆ ಮಿತಿಯೇ ಇಲ್ಲ. ಇನ್ನು ನಮ್ಮ ಮನೆಯ ಸ್ಥಿತಿ ನೋಡಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ, ಪೌತಿ ಖಾತೆ ಆಗಿಲ್ಲ. ಅಪ್ಪ, ನೀವು, ಅತ್ತೆ ಮೂವರೂ ವಾರಸುದಾರರು, ಒಬ್ಬರ ಸಹಿ ಸಾಲದು. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಅದೇ ಸರ್ವೆ ನಂಬರ್ ಅಡವಿಟ್ಟಿದ್ದೀರಿ ಅಲ್ವಾ? ಹಾಗಾದರೆ "ಸಾಲ ಇಲ್ಲ" ಅನ್ನುವ ಮಾತು ಸಹಿ ಹಾಕಿದ ದಿನವೇ ಸುಳ್ಳು.

ಇನ್ನೊಂದು ಸ್ಕೆಚ್ಚಿನಲ್ಲಿ ಸಿಕ್ಕಿತು. ಟವರ್ ನಿಲ್ಲುವ ಚೌಕ ನಮ್ಮ ಹಿಡುವಳಿಯೊಳಗೇ ಇದೆ, ಆದರೆ ಅವರು ಎಳೆದ ದಾರಿ ಮಾವಿನ ಮರ ದಾಟಿದ ಮೇಲೆ ಸೊಪ್ಪಿನ ಬೆಟ್ಟಕ್ಕೆ ಹೊಕ್ಕು ಸುತ್ತಿ ಬರುತ್ತದೆ. ತಲೆಮಾರುಗಳಿಂದ ಸೊಪ್ಪು ತಂದಿದ್ದೇವೆ ನಿಜ, ಆದರೆ ಅದು ಸವಲತ್ತು, ನಮ್ಮ ಜಮೀನಲ್ಲ. ಬಾಡಿಗೆಗೆ ಕೊಡುವ ಹಕ್ಕು ನಮಗಿಲ್ಲ. ಹಾಗೆ ದಾರಿ ಮಾಡಿದರೆ ಅರಣ್ಯ ಇಲಾಖೆಗೆ ಉತ್ತರ ಕೊಡುವವರು ಸಹಿ ಹಾಕಿದ ನೀವು. ಸರ್ವೆ ದಿನ ಇದನ್ನು ಮೊದಲು ತೋರಿಸಿ, ದಾರಿಯನ್ನು ತೋಟದ ಈಚೆ ಬದಿಗೆ ತರಿಸಿ.

ಬಾಡಿಗೆಯಲ್ಲಿ ಎರಡು ಸಣ್ಣ ಗಂಟುಗಳಿವೆ. ಒಂದು, ಬಾಡಿಗೆ ಶುರುವಾಗುವುದು ಸಹಿ ಮಾಡಿದ ದಿನದಿಂದ ಅಲ್ಲ, ಟವರ್ ಚಾಲೂ ಆದ ದಿನದಿಂದ. ಚಾಲೂ ಯಾವಾಗ ಅಂತ ಎಲ್ಲೂ ಇಲ್ಲ. ಎರಡು ವರ್ಷ ತಳಪಾಯ ಹಾಕಿ ಬಿಟ್ಟರೂ ಕೇಳುವ ಹಾಗಿಲ್ಲ. ಸಹಿಯಾಗಿ 90 ದಿನಕ್ಕೆ ಬಾಡಿಗೆ ಶುರು ಅಂತ ಬರೆಸಿ. ಎರಡು, ಏರಿಕೆ "ಮೂಲ ಬಾಡಿಗೆಯ ಮೇಲೆ" ಶೇಕಡ 10. ಅಂದರೆ ಪ್ರತಿ ಸಲ 1,200 ಮಾತ್ರ. 18 ವರ್ಷ ಮುಗಿದ ಮೇಲೆ 19,200 ಆಗುತ್ತದೆ. "ಹಿಂದಿನ ಬಾಡಿಗೆಯ ಮೇಲೆ" ಅಂತ ಬದಲಿಸಿದರೆ ಅದೇ ಹೊತ್ತಿಗೆ 21,259. ಈ ಬಾಡಿಗೆ ಕೃಷಿ ಆದಾಯ ಅಲ್ಲ, ಹಾಗಾಗಿ ರಿಟರ್ನ್‌ನಲ್ಲಿ ಬೇರೆಯಾಗಿ ತೋರಿಸಬೇಕು.

ನೀವು 20 ವರ್ಷ ಬಿಡುವ ಹಾಗಿಲ್ಲ, ಅವರು 90 ದಿನದ ನೋಟಿಸ್ ಕೊಟ್ಟು ಹೋಗಬಹುದು. ಇದನ್ನು ಬದಲಿಸಲು ಅವರು ಒಪ್ಪಲಿಕ್ಕಿಲ್ಲ, ಬಿಡಿ. ಆದರೆ ಹೋಗುವಾಗ ಕಾಂಕ್ರೀಟ್ ತಳಪಾಯ ಕಿತ್ತು ಜಾಗ ಮೊದಲಿನ ಹಾಗೆ ಮಾಡಿಕೊಡಬೇಕು. ಕರಡಿನಲ್ಲಿ ಅವರ ಸಾಮಾನು ಒಯ್ಯುವ ಮಾತಷ್ಟೇ ಇದೆ.

ಜಗಳವಾದರೆ ಮುಂಬೈಯಲ್ಲಿ ಪಂಚಾಯಿತಿ, ಪಂಚರನ್ನು ನೇಮಿಸುವವರು ಕಂಪನಿಯವರೇ. ತೀರ್ಪಲ್ಲಿ ತನಗೆ ಲಾಭ ನಷ್ಟ ಇರುವವರು ತಾವೊಬ್ಬರೇ ಪಂಚರನ್ನು ಆರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅದನ್ನು ತೋರಿಸಿ, ಜಾಗ ಶಿವಮೊಗ್ಗ ಅಂತ ಹಾಕಿಸೋಣ.

ಈಗ ಕಳಿಸಬೇಕಾದ ಉತ್ತರ ಇದು, ಹಾಗೇ ಹಾಕಿ:

"ನಿಮ್ಮ ಜೂನ್ 9ರ ಮೇಲ್ ಮತ್ತು ಕರಡು ತಲುಪಿದೆ. ಇದಕ್ಕೆ ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕಲಂ 4.2, 9, ಬಾಡಿಗೆ ಶುರುವಾಗುವ ದಿನ, ಏರಿಕೆ, ಮರಗಳ ಪರಿಹಾರ ಮತ್ತು ವ್ಯಾಜ್ಯದ ಸ್ಥಳದ ಬಗ್ಗೆ ಬದಲಾವಣೆ ಬೇಕು. ಖಾತೆ ಕೆಲಸ ನಡೆಯಬೇಕಿರುವುದರಿಂದ ದಾಖಲೆ ಕೊಡಲು ಜುಲೈ 7ರ ಬದಲು ಸೆಪ್ಟೆಂಬರ್ 30ರವರೆಗೆ ಸಮಯ ಕೊಡಿ, ಆಫರ್ ಅವಧಿಯನ್ನೂ ಅಲ್ಲಿಯವರೆಗೆ ಮುಂದುವರಿಸಿ. ಸರ್ವೆಗೆ ಬರಬಹುದು. ದಾರಿ ನಮ್ಮ ಹಿಡುವಳಿಯೊಳಗೇ ಇರಬೇಕು."

ಪೌತಿ ಖಾತೆಗೆ ಅಜ್ಜನ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ಮರಣ ಪತ್ರ ಅಪ್ಪನ ಹತ್ತಿರ ಇದೆ, ಭಾನುವಾರ ತರುತ್ತೇನೆ. ವಂಶವೃಕ್ಷಕ್ಕೆ ನೀವು ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಸಹಿಗೆ ಬರಬೇಕಾಗುತ್ತದೆ ಅಂತ ಅತ್ತೆಗೂ ಇವತ್ತೇ ಫೋನ್ ಮಾಡಿ ಹೇಳಿಬಿಡಿ.