ಆಚರಣೆ ಮತ್ತು ಸಂದರ್ಶನಗಳ ಧ್ವನಿಮುದ್ರಣ: ಮಾಹಿತಿ ನಿರ್ವಹಣಾ ಯೋಜನೆ (ಮೊದಲ ಕರಡು)

ಯೋಜನೆಯ ಅವಧಿ: 24 ತಿಂಗಳು
ತಂಡ: ಮುಖ್ಯ ಸಂಶೋಧಕಿ, ಕ್ಷೇತ್ರ ಸಹಾಯಕ, ಲಿಪ್ಯಂತರ ಮಾಡುವವರು (ಇವರು ನಾವು ಧ್ವನಿ ಮುದ್ರಿಸುವ ಸಮುದಾಯದವರೇ)

ಏನನ್ನು ಸಂಗ್ರಹಿಸುತ್ತೇವೆ

ಸುಮಾರು 120 ಗಂಟೆಗಳ ಧ್ವನಿಮುದ್ರಣ ಆಗಬಹುದು. ಅದರಲ್ಲಿ 45 ಗಂಟೆ ಆಚರಣೆಗಳು, 75 ಗಂಟೆ ಸಂದರ್ಶನಗಳು. ಇವುಗಳ ಜೊತೆ ಲಿಪ್ಯಂತರ, ಕ್ಷೇತ್ರ ಟಿಪ್ಪಣಿ ಮತ್ತು ಒಪ್ಪಿಗೆಯ ದಾಖಲೆಗಳೂ ಇರುತ್ತವೆ. ವಿಡಿಯೋ ಮಾಡುವುದಿಲ್ಲ.

ಎಲ್ಲವನ್ನೂ WAV ರೂಪದಲ್ಲಿ, 48 kHz, 24 ಬಿಟ್, ಸ್ಟೀರಿಯೋದಲ್ಲಿ ಮುದ್ರಿಸುತ್ತೇವೆ. ಗಂಟೆಗೆ ಸುಮಾರು 1 GB ಆಗುತ್ತದೆ. MP3 ಆದರೆ ಜಾಗ ಕಡಿಮೆ ಸಾಕು, ಆದರೆ ಅದು ಕಳೆದುಕೊಂಡ ಧ್ವನಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಕೇಳಲು ಕೊಡುವ ಪ್ರತಿಗೆ ಮಾತ್ರ MP3. ಇನ್ನೊಂದು ವಿಷಯ: ಸಾಮಾನ್ಯ WAV ಫೈಲ್ 4 GB ದಾಟುವಂತಿಲ್ಲ. ಈ ಲೆಕ್ಕದಲ್ಲಿ ನಾಲ್ಕು ಗಂಟೆ ಆಗುವಷ್ಟರಲ್ಲಿ ಮಿತಿ ಬಂದುಬಿಡುತ್ತದೆ. ರಾತ್ರಿಯಿಡೀ ನಡೆಯುವ ಆಚರಣೆಗೆ ಅದು ಸಾಲದು, ಅಲ್ವಾ? ಹಾಗಾಗಿ ಗಂಟೆಗೊಮ್ಮೆ ಹೊಸ ಫೈಲ್ ತೆರೆಯುವಂತೆ ರೆಕಾರ್ಡರನ್ನು ಮೊದಲೇ ಹೊಂದಿಸುತ್ತೇವೆ.

ಹೆಸರು ಮತ್ತು ವಿವರ

ನಮ್ಮ ಹಿಂದಿನ ಕೆಲಸದಲ್ಲಿ ಒಂದು ತಪ್ಪಾಯಿತು. ನಮ್ಮೊಡನೆ ಮಾತಾಡಿದ್ದ ಹಿರಿಯರೊಬ್ಬರು ತೀರಿಕೊಂಡರು. ಅವರ ಮಗಳು ಬಂದು, ಅಪ್ಪನ ದನಿ ಕೇಳಬೇಕು ಎಂದರು. ರೆಕಾರ್ಡರ್ ತಾನೇ ಕೊಟ್ಟ `REC_0043` ತರಹದ ಹೆಸರುಗಳನ್ನು ನಾವು ಬದಲಿಸಿರಲಿಲ್ಲ. ಆ ಧ್ವನಿ ಹುಡುಕಲು ನಮಗೆ ಹನ್ನೊಂದು ದಿನ ಬೇಕಾಯಿತು. ಆ ದಿನಗಳಲ್ಲಿ ಅವರು ಕಾದಿದ್ದನ್ನು ನಾವು ಮರೆತಿಲ್ಲ. ಈ ಸಲ ಅದೇ ದಿನ ಸಂಜೆ ಫೈಲಿನ ಹೆಸರು ಬದಲಿಸಿ, ವಿವರ ಬರೆದ ಮೇಲೆಯೇ ಆ ದಿನದ ಕೆಲಸ ಮುಗಿಯುತ್ತದೆ.

```
I_20260214_02_P07.wav
R_20260221_01.wav
```

I ಎಂದರೆ ಸಂದರ್ಶನ, R ಎಂದರೆ ಆಚರಣೆ. ಆಮೇಲೆ ದಿನಾಂಕ, ಆ ದಿನದ ಎಷ್ಟನೇ ಫೈಲ್ ಎಂಬುದು, ಸಂದರ್ಶನವಾದರೆ ಮಾತಾಡಿದವರ ಸಂಕೇತ. ಯಾರು ಕೇಳಬಹುದು ಎಂಬುದನ್ನು ಫೈಲಿನ ಹೆಸರಿನಲ್ಲಿ ಬರೆಯುವುದಿಲ್ಲ. ಅದು ಮುಂದೆ ಬದಲಾಗಬಹುದು, ಆಗ ಹಳೆಯ ಹೆಸರು ದಾರಿ ತಪ್ಪಿಸುತ್ತದೆ. ಆ ವಿವರ ಮೆಟಾಡೇಟಾ ಪಟ್ಟಿಯಲ್ಲಿ ಇರುತ್ತದೆ. ಸಂಕೇತಕ್ಕೆ ಯಾವ ವ್ಯಕ್ತಿ ಎಂದು ಹೇಳುವ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿದ ಫೈಲಿನಲ್ಲಿ ಇರುತ್ತದೆ.

ಲಿಪ್ಯಂತರವನ್ನು ELANನಲ್ಲಿ ಮಾಡುತ್ತೇವೆ. ಅದರ ಫೈಲುಗಳು XML ಆದ್ದರಿಂದ, ಆ ತಂತ್ರಾಂಶ ಇಲ್ಲದ ದಿನವೂ ಓದಬಹುದು.

ಒಪ್ಪಿಗೆ

ಒಂದೇ ಸಹಿಯಲ್ಲಿ ಎಲ್ಲಕ್ಕೂ ಒಪ್ಪಿಗೆ ಪಡೆಯುವುದಿಲ್ಲ. ಮುದ್ರಿಸುವುದು, ಇಟ್ಟುಕೊಳ್ಳುವುದು, ಬೇರೆಯವರಿಗೆ ಕೇಳಿಸುವುದು ಮೂರು ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೂಂ ಎಂದವರು ಮೂರನೆಯದಕ್ಕೆ ಬೇಡ ಎನ್ನಬಹುದು. ಸಹಿ ಹಾಕಲು ಹಿಂಜರಿಯುವವರೂ ಇರುತ್ತಾರೆ. ಅವರಿಂದ ಮಾತಿನ ಒಪ್ಪಿಗೆಯನ್ನೇ ಮುದ್ರಿಸಿಕೊಂಡು, ಅದನ್ನು ಬೇರೆ ಫೈಲಾಗಿ ಉಳಿಸುತ್ತೇವೆ. ನಾವು ಕೇಳುವ ಮಾತು ಇದು:

"ನಿಮ್ಮ ಮಾತನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ? ಯಾವಾಗ ನಿಲ್ಲಿಸಿ ಅಂದರೂ ನಿಲ್ಲಿಸುತ್ತೇವೆ. ನಮ್ಮ ಕೆಲಸ ಮುಗಿದ ಮೇಲೆ ಇದನ್ನು ದಾಖಲೆ ಭಂಡಾರದಲ್ಲಿ ಇಡಬಹುದೇ, ಅಥವಾ ಅಳಿಸಬೇಕೇ? ಇಟ್ಟರೆ ಯಾರು ಕೇಳಬಹುದು: ನಿಮ್ಮ ಮನೆಯವರೇ, ನಿಮ್ಮ ಸಮುದಾಯದವರೇ, ಓದು ಸಂಶೋಧನೆ ಮಾಡುವವರೇ, ಎಲ್ಲರೂ ಕೇಳಬಹುದೇ? ನಿಮ್ಮ ಹೆಸರು ಹಾಕಬೇಕೇ, ಬೇಡವೇ? ನಿಮ್ಮ ನಂತರ ಇದರ ಬಗ್ಗೆ ನಾವು ಯಾರನ್ನು ಕೇಳಬೇಕು?"

ಎರಡು ವಿಷಯಗಳನ್ನು ಮುಚ್ಚಿಡದೆ ಹೇಳುತ್ತೇವೆ. ಮೊದಲನೆಯದು, ಹೆಸರು ತೆಗೆದರೂ ದನಿ ಗುರುತು ಹೇಳಿಬಿಡುತ್ತದೆ. ಪರಿಚಯದವರು ಒಂದು ವಾಕ್ಯ ಕೇಳಿದರೆ ಸಾಕು. ಎರಡನೆಯದು, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನಾವು ನಮ್ಮ ಪ್ರತಿಗಳನ್ನು 30 ದಿನಗಳೊಳಗೆ ಅಳಿಸುತ್ತೇವೆ. ಆದರೆ ಯಾರಾದರೂ ಆಗಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಅದನ್ನು ವಾಪಸ್ ತರಲು ನಮ್ಮಿಂದ ಆಗುವುದಿಲ್ಲ. ಈ ಮಾತು ಕೇಳಿ ಕೆಲವರು ಬೇಡ ಎನ್ನಬಹುದು. ಎನ್ನಲಿ. ಅದು ಅವರ ಹಕ್ಕು.

ಸಂದರ್ಶನದ ಲಿಪ್ಯಂತರ ಮುಗಿದ ಮೇಲೆ ಮಾತಾಡಿದವರ ಬಳಿ ಮತ್ತೆ ಹೋಗಿ ಕೇಳಿಸುತ್ತೇವೆ. ಮಾತಿನ ಭರದಲ್ಲಿ ಹೇಳಿದ್ದನ್ನು ತೆಗೆಯಿರಿ ಎಂದರೆ ತೆಗೆಯುತ್ತೇವೆ. ಮೊದಲ ದಿನದ ಒಪ್ಪಿಗೆಗಿಂತ ಈ ಎರಡನೆಯದನ್ನೇ ನಾವು ಜಾಸ್ತಿ ನಂಬುತ್ತೇವೆ. ಆಗ ಅವರಿಗೆ ತಾವು ಏನು ಕೊಟ್ಟಿದ್ದೇವೆ ಎಂಬುದು ಗೊತ್ತಿರುತ್ತದೆ.

ಆಚರಣೆಯ ವಿಷಯ ಬೇರೆ. ಅಲ್ಲಿ ದನಿ ಒಬ್ಬರದಲ್ಲ. ನಡೆಸಿಕೊಡುವವರು ಒಪ್ಪಿದರೂ, ಆ ಹಾಡನ್ನೋ ಮಂತ್ರವನ್ನೋ ಹೊರಗಿನವರಿಗೆ ಕೊಡುವ ಅಧಿಕಾರ ಅವರೊಬ್ಬರಿಗೇ ಇಲ್ಲದಿರಬಹುದು. ಆದ್ದರಿಂದ ಮೊದಲೇ ಸಮುದಾಯದ ಹಿರಿಯರೊಡನೆ ಕೂತು ಮಾತಾಡುತ್ತೇವೆ. ಯಾವ ಭಾಗ ಎಲ್ಲರ ಮುಂದೆ ನಡೆಯುತ್ತದೆ, ಯಾವುದು ಹೆಂಗಸರಿಗೆ ಮಾತ್ರ ಅಥವಾ ದೀಕ್ಷೆ ಪಡೆದವರಿಗೆ ಮಾತ್ರ, ಯಾವುದನ್ನು ಆ ಕಾಲ ಬಿಟ್ಟು ಬೇರೆ ಹೊತ್ತಿನಲ್ಲಿ ಕೇಳಬಾರದು ಎಂದು ಬರೆದುಕೊಳ್ಳುತ್ತೇವೆ. ಬೇಡ ಎಂದ ಭಾಗದಲ್ಲಿ ರೆಕಾರ್ಡರ್ ಆಫ್ ಮಾಡುತ್ತೇವೆ. ಮುದ್ರಿಸಿ ಆಮೇಲೆ ಮುಚ್ಚಿಡುತ್ತೇವೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಸುತ್ತ ಇರುವವರ ಖಾಸಗಿ ಮಾತು, ಮಕ್ಕಳ ದನಿ ಸುಮ್ನೆ ಸೇರಿಕೊಂಡುಬಿಡುತ್ತದೆ. ಕೇಳಲು ಕೊಡುವ ಪ್ರತಿಯಲ್ಲಿ ಅಂಥ ಭಾಗವನ್ನು ಮೌನ ಮಾಡುತ್ತೇವೆ. ಮೂಲ ಪ್ರತಿಯನ್ನು ತಂಡದ ಹೊರಗೆ ಕೊಡುವುದಿಲ್ಲ.

ಸಂಗ್ರಹ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಕ್ಷೇತ್ರದಲ್ಲಿ ಇರುವಾಗ ಲ್ಯಾಪ್‌ಟಾಪ್ ಮತ್ತು ಹೊರಗಿನ ಹಾರ್ಡ್ ಡಿಸ್ಕಿಗೆ ಅದೇ ರಾತ್ರಿ ನಕಲು ಮಾಡುತ್ತೇವೆ. ಎರಡೂ ಎನ್‌ಕ್ರಿಪ್ಟ್ ಆಗಿರುತ್ತವೆ, ಎರಡೂ ಒಬ್ಬರ ಬ್ಯಾಗಿನಲ್ಲಿ ಇರುವುದಿಲ್ಲ. ಊರಿಗೆ ಮರಳಿದ ವಾರದೊಳಗೆ ವಿಭಾಗದ ಸರ್ವರಿಗೆ ಮತ್ತು ಅದರ ಹೊರಊರಿನ ಬ್ಯಾಕಪ್‌ಗೆ ಹಾಕುತ್ತೇವೆ. ಆ ಎರಡು ಕಡೆಯೂ ಫೈಲ್ ಸರಿಯಾಗಿ ಬಂದಿದೆ ಎಂದು ಖಚಿತವಾಗುವವರೆಗೆ ಮೆಮೊರಿ ಕಾರ್ಡ್ ಅಳಿಸುವುದಿಲ್ಲ. ಇದಕ್ಕಾಗಿ ಹೆಚ್ಚುವರಿ ಕಾರ್ಡುಗಳನ್ನು ಬಜೆಟ್ಟಿನಲ್ಲಿ ಸೇರಿಸಿದ್ದೇವೆ.

ಪರಿಶೀಲನೆ ಹೀಗೆ:

```
sha256sum *.wav > checksums.sha256
sha256sum -c checksums.sha256
```

ಮೊದಲ ಸಾಲನ್ನು ನಕಲು ಮಾಡುವ ಮುಂಚೆ, ಎರಡನೆಯದನ್ನು ನಕಲಾದ ಜಾಗದಲ್ಲಿ ಓಡಿಸುತ್ತೇವೆ. ಆಮೇಲೆ ಆರು ತಿಂಗಳಿಗೊಮ್ಮೆ. ಈ ಕೆಲಸ ಕ್ಷೇತ್ರ ಸಹಾಯಕರದು. ಅವರು ಬಿಟ್ಟು ಹೋದರೆ ಸಂಶೋಧಕಿಯದು.

ಮಾತುಕತೆಯ ಆ್ಯಪ್‌ಗಳಲ್ಲಿ ಧ್ವನಿ ಫೈಲ್ ಕಳಿಸುವುದಿಲ್ಲ, ಒಂದು ತುಣುಕನ್ನೂ.

ಮುಂದೆ ಯಾರು ಕೇಳಬಹುದು

ಇಡಲು ಒಪ್ಪಿಗೆ ಸಿಕ್ಕ ಪ್ರತಿ ಫೈಲೂ ಮುಚ್ಚಿದ ಸ್ಥಿತಿಯಲ್ಲೇ ಭಂಡಾರ ಸೇರುತ್ತದೆ. ಕೊಟ್ಟವರು ಹೇಳಿದಂತೆ ಮಾತ್ರ ತೆರೆಯುತ್ತದೆ: ಸಮುದಾಯಕ್ಕೆ, ಅರ್ಜಿ ಹಾಕಿದ ಸಂಶೋಧಕರಿಗೆ, ಅಥವಾ ಎಲ್ಲರಿಗೆ. ಮುಚ್ಚಿದ ಫೈಲಿಗೂ ಮೆಟಾಡೇಟಾ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ. ಅದು ಇದೆ ಎಂಬುದೇ ಹೊರಗೆ ತಿಳಿಯಬಾರದು ಎಂದು ಹಿರಿಯರು ಹೇಳಿದರೆ ಆ ಸಾಲನ್ನೂ ತೋರಿಸುವುದಿಲ್ಲ.

ಅರ್ಜಿಗಳನ್ನು ಐವರ ಸಮಿತಿ ನೋಡುತ್ತದೆ. ಮೂವರು ಸಮುದಾಯದವರು, ಒಬ್ಬರು ಭಂಡಾರದವರು, ಒಬ್ಬರು ನಮ್ಮ ತಂಡದವರು. ಆಚರಣೆಯ ಫೈಲುಗಳ ವಿಷಯದಲ್ಲಿ ಸಮುದಾಯದ ಮೂವರೂ ಒಪ್ಪಬೇಕು. ವ್ಯಾಪಾರಕ್ಕೆ ಬಳಸುವ ಅರ್ಜಿ ಬಂದರೆ ಮಾತಾಡಿದವರನ್ನು ಅಥವಾ ಅವರು ಹೇಳಿದ ವಾರಸುದಾರರನ್ನು ಮತ್ತೆ ಕೇಳಲೇಬೇಕು. ಐದು ವರ್ಷಕ್ಕೊಮ್ಮೆ ಈ ನಿಯಮಗಳನ್ನು ಸಮಿತಿ ಮತ್ತೆ ನೋಡುತ್ತದೆ.

ಮಾತಾಡಿದ ಪ್ರತಿಯೊಬ್ಬರಿಗೂ ಅವರ ಧ್ವನಿಯ ಪ್ರತಿ ಕೊಡುತ್ತೇವೆ, ಅವರ ಮನೆಯಲ್ಲಿ ಕೇಳಲು ಆಗುವ ರೂಪದಲ್ಲಿ. ಇದಕ್ಕೆ ಅರ್ಜಿ ಬೇಡ, ಸಮಿತಿಯೂ ಬೇಡ. ಸಂದರ್ಶನವಾದ ತಿಂಗಳೊಳಗೆ ಮುಟ್ಟಿಸುತ್ತೇವೆ.

ಈ ಕರಡನ್ನು ಸಮುದಾಯದ ಹಿರಿಯರಿಗೆ ಅವರ ಮಾತಿನಲ್ಲೇ ಓದಿ ಹೇಳುತ್ತೇವೆ. ಅವರು ಹೇಳಿದ ಬದಲಾವಣೆ ಸೇರಿಸಿದ ಮೇಲೆಯೇ ಮೊದಲ ಧ್ವನಿಮುದ್ರಣ.