ಹುಡುಗನ ಮನೆಯವರಿಗೆ ಉತ್ತರ

ನವನಗರ, ಬಾಗಲಕೋಟೆ
10 ಡಿಸೆಂಬರ್ 2025, ಬುಧವಾರ

ಅಕ್ಕಾವ್ರಿಗೆ ನಮಸ್ಕಾರ.

‘ಬೀಗರಿಗೆ’ ಎಂದು ಬರೆಯಲು ಕೈ ಹೋಗಿತ್ತು. ರೂಢಿ ನೋಡಿ. ಆ ಮಾತು ಇನ್ನೂ ಹಣ್ಣಾಗಿಲ್ಲ, ಹಾಗಾಗಿ ಅಕ್ಕಾ ಅಂತಲೇ ಕರೆಯುತ್ತೇನೆ. ಮುಂದೆ ಏನೇ ಆದರೂ ಈ ಹೆಸರಿಗೆ ಅಡ್ಡಿ ಇಲ್ಲ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಸೋಮವಾರ ರಾತ್ರಿ ನಮ್ಮ ಮಗ ನಿಮಗೆ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿದ್ದಾನೆ: ‘ಇನ್ನೂ ಏನೂ ಡಿಸೈಡ್ ಆಗಿಲ್ಲ, ಆಮೇಲೆ ಹೇಳ್ತೀವಿ.’ ನಾನೇ ಅವನಿಗೆ ‘ಏನರ ಒಂದು ಉತ್ತರ ಹಾಕಪಾ’ ಅಂದಿದ್ದೆ. ಏನು ಹಾಕಿದ ಅಂತ ಮರುದಿನ ಓದಿದಾಗ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕಂಡಿತು. ನೀವು ಆರು ಜನ, ಅದರಲ್ಲೂ ವಯಸ್ಸಾದ ನಿಮ್ಮ ಅತ್ತೆಯವರನ್ನೂ ಕರೆದುಕೊಂಡು, ತಿಕೋಟಾದಿಂದ ವಿಜಯಪುರ, ಕೊಲ್ಹಾರ ಸೇತುವೆ ದಾಟಿ ನಮ್ಮ ಮನೆ ತನಕ ಬಂದವರು. ಅಷ್ಟು ದಾರಿ ಸವೆಸಿದವರಿಗೆ ಅದು ಉತ್ತರವಲ್ಲ. ಹುಡುಗ, ತಿಳಿಯಲಿಲ್ಲ. ಅದನ್ನು ಮರೆತುಬಿಡಿ. ನಮ್ಮ ಮನೆಯ ಉತ್ತರ ಇದು.

ಭಾನುವಾರ ನೀವು ನಮ್ಮ ಮಗಳು ಸುಧಾಳನ್ನು ನೋಡಲಿಕ್ಕೆ ಬಂದದ್ದು ನಮಗೆಲ್ಲ ಖುಷಿ ಆಯಿತು. ಇದನ್ನು ಸುಮ್ನೆ ಬಾಯಿಮಾತಿಗೆ ಬರೆಯುತ್ತಿಲ್ಲ. ನೀವು ಹೋದ ಮೇಲೆ ಸುಧಾ ಕಪ್ಪು-ಬಸಿ ತೊಳೆಯುತ್ತಾ ಒಂದು ಮಾತು ಹೇಳಿದಳು. ಎಲ್ಲರೂ ಹೊಲದ ಮಾತು, ಮಳೆಯ ಮಾತು ಆಡುತ್ತಿದ್ದಾಗ ನಿಮ್ಮ ಮಲ್ಲಿಕಾರ್ಜುನ ಅಜ್ಜಿಯ ಚಹಾವನ್ನು ಬಸಿಗೆ ಸುರಿದು, ಆರಿಸಿ, ಅವರ ಕೈ ನಡುಗುತ್ತದೆ ಅಂತ ಬಸಿಯ ಕೆಳಗೆ ತನ್ನ ಕೈ ಹಿಡಿದುಕೊಂಡೇ ಕುಳಿತಿದ್ದನಂತೆ. ನಾನು ಶಿರಾ ಬಡಿಸುವ ಗಡಿಬಿಡಿಯಲ್ಲಿ ಅದನ್ನು ನೋಡಲೇ ಇಲ್ಲ. ಅವಳು ನೋಡಿದ್ದಾಳೆ. ತೋರಿಸಲಿಕ್ಕೆ ಮಾಡುವವರು ಹಾಗೆ ಮಾಡುವುದಿಲ್ಲ ಅಕ್ಕಾ, ದಿನಾ ಮಾಡುವವರೇ ಹಾಗೆ ಮಾಡೋದು.

ಹಾಗಿದ್ದರೆ ಹೂಂ ಅನ್ನಲಿಕ್ಕೆ ಏನು ಅಡ್ಡಿ ಅಂತ ನೀವು ಕೇಳಬಹುದು. ಅದನ್ನೇ ಬಿಡಿಸಿ ಬರೆಯುತ್ತೇನೆ.

ಹುಡುಗ ಒಕ್ಕಲುತನ ಮಾಡುತ್ತಾನೆ ಅಂತ ನಾವು ಹಿಂದೆ ಮುಂದೆ ನೋಡುತ್ತಿದ್ದೇವೆ ಎಂದು ನೀವು ತಿಳಿಯಬಾರದು. ನಿಮ್ಮ ಮನೆಯವರು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ‘ಈಗ ಹೊಲ ಮನಿ ಹುಡುಗರಿಗೆ ಕನ್ಯಾ ಕೊಡವ್ರು ಯಾರ್ರೀ’ ಅಂದರಲ್ಲ, ಆ ಮಾತು ನನ್ನ ಮನಸ್ಸಿನಲ್ಲೇ ಕೂತಿದೆ. ನಗುನಗುತ್ತಾ ಅಂದರು, ಆದರೂ ಅದು ನಗುವ ಮಾತಲ್ಲ. ನನ್ನ ತವರೂ ಹೊಲದ ಮನೆಯೇ. ಐದೆಕರೆ ದ್ರಾಕ್ಷಿ ಪಡ ಮಾಡುವುದು, ಅಕ್ಟೋಬರ್ ಚಾಟಣಿಯಿಂದ ಕಟಾವಿನ ತನಕ ಮುಗಿಲು ನೋಡುತ್ತಾ ಕೂರುವುದು, ಆಮೇಲೆ ಒಣದ್ರಾಕ್ಷಿ ಶೆಡ್ಡಿನ ಕೆಲಸ. ಇದು ಯಾವ ನೌಕರಿಗೂ ಕಡಿಮೆ ಇಲ್ಲ ಅಂತ ನನಗೆ ಗೊತ್ತು.

ತೊಡಕು ಇರುವುದು ಸುಧಾಳ ನೌಕರಿಯಲ್ಲಿ. ಭಾನುವಾರ ನಿಮ್ಮ ಮೈದುನರು ‘ವರ್ಗಾ ಮಾಡಿಸ್ಕೊಂಡ್ರಾತು’ ಅಂದರು. ಅಷ್ಟು ಸಲೀಸಲ್ಲ. ಅವಳು ಬೀಳಗಿ ತಾಲ್ಲೂಕಿನ ಶಾಲೆಗೆ ಸೇರಿ ಎರಡು ವರ್ಷ ಆಯಿತು. ಪ್ರಾಥಮಿಕ ಶಾಲೆಯ ಶಿಕ್ಷಕರ ನೇಮಕ ಜಿಲ್ಲೆಯ ಲೆಕ್ಕದಲ್ಲಿ ಆಗುತ್ತದೆ. ನಮ್ಮದು ಬಾಗಲಕೋಟೆ ಜಿಲ್ಲೆ, ನಿಮ್ಮದು ವಿಜಯಪುರ ಜಿಲ್ಲೆ. ಮದುವೆ ಆಯಿತು, ಬಾಜೂ ಜಿಲ್ಲೆಗೆ ಹಾಕಿ ಅಂದರೆ ಹಾಕುವುದಿಲ್ಲ. ಕೌನ್ಸೆಲಿಂಗ್ ಕರೆಯಬೇಕು, ಖಾಲಿ ಜಾಗ ಇರಬೇಕು, ಸರದಿ ಬರಬೇಕು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಪತಿ-ಪತ್ನಿ ಪ್ರಕರಣ ಅಂತ ಒಂದು ಅನುಕೂಲ ಸಿಗುತ್ತದೆ. ಹೊಲ ಮಾಡುವ ಗಂಡನಿಗೆ ಆ ಪ್ರಕರಣ ಇಲ್ಲ. ಅನ್ನ ಬೆಳೆಯುವವನ ಹೆಂಡತಿಗೆ ಯಾಕಿಲ್ಲವೋ, ಅದು ಬೇರೆ ಮಾತು.

ಅಂದರೆ ಮದುವೆಯಾದ ಮೇಲೆ ಒಂದಷ್ಟು ವರ್ಷ ಅವಳು ತಿಕೋಟಾದಿಂದ ದಿನಾ ಬಸ್ಸು ಬದಲಿಸುತ್ತಾ ಸೇತುವೆ ದಾಟಿ ಹೋಗಿ ಬರಬೇಕು. ಇಲ್ಲವೇ ವಾರವೆಲ್ಲ ಇಲ್ಲಿದ್ದು ಶನಿವಾರ ಮಧ್ಯಾಹ್ನ ನಿಮ್ಮ ಮನೆಗೆ ಬರಬೇಕು. ಇಲ್ಲವೇ ನೌಕರಿ ಬಿಡಬೇಕು. ಮೂರನೆಯದನ್ನು ಅವಳು ಮಾಡುವುದಿಲ್ಲ, ನಾವೂ ಮಾಡು ಅನ್ನುವುದಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು ಅಲ್ವಾ? ಉಳಿದ ಎರಡರಲ್ಲಿ ಯಾವುದು ನಿಮ್ಮ ಮನೆಗೆ ಹೊಂದುತ್ತದೆ ಅಂತ ನೀವೂ ಕೂತು ಮಾತಾಡಬೇಕು. ಕಟಾವಿನ ದಿನ ಮನೆ ತುಂಬ ಆಳು, ಸೊಸೆ ಮಾತ್ರ ಶಾಲೆಯಲ್ಲಿ. ಅದು ನಿಮಗೆ ನಡೆಯುತ್ತದಾ? ನಡೆಯುವುದಿಲ್ಲ ಅಂದರೂ ನಮಗೆ ಬೇಸರ ಇಲ್ಲ. ಆಮೇಲೆ ಬೇಸರ ಪಡುವುದಕ್ಕಿಂತ ಈಗ ಹೇಳಿಬಿಡಿ.

ಕೊಡುವ ತಗೊಳ್ಳುವ ಮಾತಿಗೆ ಈಗ ಹೋಗುವುದು ಬೇಡ. ‘ನಮಗೇನೂ ಬ್ಯಾಡ’ ಅಂದಿದ್ದೀರಿ. ಅದನ್ನು ಹಾಗೆಯೇ ನಂಬಿದ್ದೇವೆ.

ಇನ್ನೊಂದು ಸಣ್ಣ ಮಾತು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಿಮ್ಮ ಜೊತೆ ಬಂದ ಹಿರಿಯರೊಬ್ಬರು ಸುಧಾಗೆ ‘ಸ್ವಲ್ಪ ಅತ್ತಾಗ ನಡದು ತೋರ್ಸವಾ’ ಅಂದರು. ಅವಳು ನಡೆದಳು, ಎದುರು ಆಡಲಿಲ್ಲ. ಹಿಂದಿನವರ ರೀತಿ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅಂತ ನಾನೇ ಅವಳಿಗೆ ಹೇಳಿದ್ದೇನೆ. ಆದರೂ ಅವಳಿಗೆ ತಾಕಿದೆ. ದಿನಾ ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡುವ ಹುಡುಗಿ. ಆಗ ನೀವು ‘ಸಾಕ್ ಬಿಡ್ರಿ, ಕುಂಡ್ರವಾ’ ಅಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಿರಿ. ಅದನ್ನೂ ಅವಳು ಮರೆತಿಲ್ಲ. ಅದಕ್ಕೇ ಈ ಮಾತನ್ನು ನಿಮ್ಮ ಹತ್ತಿರ ಹೇಳುವ ಧೈರ್ಯ ಬಂತು.

ಸೀರೆಯ ವಿಷಯ. ನೀವು ಉಡಿ ತುಂಬಿದ ಕಾಯಿ, ಅಕ್ಕಿ, ಗುಳೇದಗುಡ್ಡದ ಖಣ ದೊಡ್ಡವರ ಆಶೀರ್ವಾದ ಅಂತ ತೆಗೆದುಕೊಂಡಿದ್ದೇವೆ. ಅದರ ಜೊತೆ ಇಳಕಲ್ ಸೀರೆ ಇಟ್ಟಿರಿ. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. ಈಗ ನನಗೆ ಪೇಚಾಟ. ತಿರುಗಿ ಕಳಿಸಿದರೆ ಒಲ್ಲೆವು ಅಂದ ಹಾಗೆ, ಅವಳು ಉಟ್ಟರೆ ಒಪ್ಪಿದ ಹಾಗೆ. ಅದಕ್ಕೆ ಮಡಿಕೆ ಬಿಚ್ಚದೆ ದೇವರ ಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಕೆಂಪು ಸೆರಗು ಅಂಚಿನಲ್ಲಿ ಅಷ್ಟೇ ಕಾಣುತ್ತದೆ. ಸಂಬಂಧ ಕೂಡಿದರೆ ನೀವೇ ಬಂದು ಅವಳ ಕೈಗೆ ಕೊಡಿ. ಕೂಡದಿದ್ದರೆ ನಾನೇ ತಂದು ನಿಮ್ಮ ಕೈಗೆ ಒಪ್ಪಿಸುತ್ತೇನೆ. ಮೂರನೆಯವರ ಕೈಯಲ್ಲಿ ಕಳಿಸುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಚರಗಕ್ಕೆ ಹೊಲಕ್ಕೆ ಬನ್ನಿ ಅಂತ ಪ್ರೀತಿಯಿಂದ ಕರೆದಿದ್ದೀರಿ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಅಂತ ನೀವು ಅನ್ನುವಾಗಲೇ ನಮ್ಮ ಮನೆಯವರು ನನ್ನ ಮುಖ ನೋಡಿದರು. ಆದರೆ ಈ ಸಲ ಬರುವುದಿಲ್ಲ ಅಕ್ಕಾ, ತಪ್ಪು ತಿಳಿಯಬೇಡಿ. ಹುಡುಗಿಯ ಮನೆಯವರು ಹೊಲಕ್ಕೆ ಬಂದು ಚರಗ ಚೆಲ್ಲಿ ಉಂಡು ಹೋದರು ಅಂದರೆ ನಾವು ಹೂಂ ಅನ್ನುವ ಮೊದಲು ಊರೇ ಗಟ್ಟಿ ಮಾಡಿಬಿಡುತ್ತದೆ. ನಾಳೆ ಹೆಚ್ಚು ಕಡಿಮೆ ಆದರೆ ನಿಮ್ಮ ಹುಡುಗನಿಗೂ ಮಾತು, ನಮ್ಮ ಹುಡುಗಿಗೂ ಮಾತು.

ಅದರ ಬದಲು ನಮ್ಮದೊಂದು ಕೇಳಿಕೆ ಇದೆ. ಮಕ್ಕಳಿಬ್ಬರೂ ಮಾಳಿಗೆ ಮೇಲೆ ಮಾತಾಡಿದ್ದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲೂ ಪಕ್ಕದ ಮನೆ ಹುಡುಗರು ಮೂರು ಸಲ ಮೆಟ್ಟಿಲು ಹತ್ತಿ ಇಳಿದವು. ಸುಧಾ ಅನ್ನುವುದು ಇಷ್ಟು: ‘ಒಳ್ಳೆಯವರು ಅನ್ನಿಸ್ತು ಅವ್ವಾ. ಆದರ ಹತ್ತು ನಿಮಿಷದಾಗ ನಾ ಏನ್ ಹೇಳ್ಲಿ?’ ನಿಮಗೆ ಒಪ್ಪಿಗೆ ಇದ್ದರೆ, ಮಲ್ಲಿಕಾರ್ಜುನನಿಗೂ ಮನಸ್ಸಿದ್ದರೆ, ಡಿಸೆಂಬರ್ 28ರ ಭಾನುವಾರ ಇಬ್ಬರೂ ಆಲಮಟ್ಟಿಯ ತೋಟದಲ್ಲಿ ಕೂತು ಮಾತಾಡಲಿ. ನಿಮಗೂ ನಮಗೂ ನಡುವಿನ ಜಾಗ. ನಿಮ್ಮ ಮಗಳು ಬರಲಿ, ನಮ್ಮ ಮಗನೂ ಬರುತ್ತಾನೆ. ಅವರಿಬ್ಬರೂ ಸ್ವಲ್ಪ ದೂರ ಅಡ್ಡಾಡಿಕೊಂಡಿರಲಿ. ದೊಡ್ಡವರು ಯಾರೂ ಬೇಡ. ನಾನಂತೂ ಬರುವುದಿಲ್ಲ, ಬಂದರೆ ನಾನೇ ಜಾಸ್ತಿ ಮಾತಾಡುತ್ತೇನೆ.

ಧನುರ್ಮಾಸ ಬಂತು, ಮುಗಿದ ಮೇಲೆ ನೋಡೋಣ ಅಂತ ಒಂದೇ ಮಾತಿನಲ್ಲಿ ತಳ್ಳಬಹುದಿತ್ತು. ಹಾಗೆ ತಳ್ಳಿಸಿಕೊಂಡು ತಿಂಗಳುಗಟ್ಟಲೆ ಫೋನ್ ಕಾದವರು ನಾವೂ ಇದ್ದೇವೆ. ಅದಕ್ಕೇ ದಿನ ಹೇಳಿಬಿಡುತ್ತೇನೆ. ಸಂಕ್ರಾಂತಿ ಆದ ಮೇಲಿನ ಭಾನುವಾರ, ಜನವರಿ 18ರ ಸಂಜೆಯೊಳಗೆ ನಾನೇ ಫೋನ್ ಮಾಡುತ್ತೇನೆ. ಹೌದೋ ಅಲ್ಲವೋ, ಎರಡರಲ್ಲಿ ಒಂದು. ಅಲ್ಲಿ ತನಕ ನಾವು ಬೇರೆ ಯಾರನ್ನೂ ಮನೆಗೆ ಬನ್ನಿ ಅನ್ನುವುದಿಲ್ಲ. ನೀವು ಮಾತ್ರ ನಮ್ಮ ಸಲುವಾಗಿ ಕೈ ಕಟ್ಟಿ ಕೂರಬೇಡಿ. ಫೆಬ್ರುವರಿ ಬಂದರೆ ಕಟಾವು, ಆಮೇಲೆ ನಿಮಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತು ಇರಲ್ಲ. ಅಷ್ಟರಲ್ಲಿ ಒಳ್ಳೆಯ ಕನ್ಯಾ ಬಂದರೆ ನೋಡಿ. ನಮಗೆ ಒಂದು ಮಾತು ತಿಳಿಸಿದರೆ ಸಾಕು. ಮುಖ ತಪ್ಪಿಸುವ ಪ್ರಸಂಗ ಯಾರಿಗೂ ಬರಬಾರದು.

ನಡುವೆ ಓಡಾಡುತ್ತಿರುವ ಕಲಾದಗಿ ಕಾಕಾಗೂ ಇದನ್ನೇ ಹೇಳಿದ್ದೇನೆ. ಅವರು ಎರಡೂ ಕಡೆ ಸ್ವಲ್ಪ ಸಕ್ಕರೆ ಹಾಕಿಯೇ ಮಾತಾಡುವವರು. ‘ಅವ್ರದು ಒಪ್ಪಿಗಿ ಇದ್ದಂಗ’ ಅಂತ ನಿಮಗೆ ಅಂದರೂ ಅನ್ನಬಹುದು. ಅವರ ಮಾತಿಗೂ ಈ ಪತ್ರಕ್ಕೂ ಫರಕು ಕಂಡರೆ ಪತ್ರವನ್ನೇ ನಂಬಿ.

ನೀವು ಒಣದ್ರಾಕ್ಷಿ ತಂದಿದ್ದ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿದೆ. ಖಾಲಿ ಡಬ್ಬಿ ಕಳಿಸಬಾರದು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಶನಿವಾರ ಕಾಕಾ ನಿಮ್ಮ ಕಡೆ ಬರುತ್ತಾರಂತೆ, ಅವರ ಕೈಯಲ್ಲಿ ಅಮೀನಗಡದ ಕರದಂಟು ಹಾಕಿ ಕಳಿಸುತ್ತೇನೆ. ಅಜ್ಜಿಗೆ ಹಲ್ಲಿಗೆ ಗಟ್ಟಿಯಾದೀತು, ಸಣ್ಣಗೆ ಮುರಿದು ಕೊಡಿ. ಇದು ಡಬ್ಬಿ ತುಂಬಲಿಕ್ಕೆ ಹಾಕಿದ್ದು ಅಕ್ಕಾ, ‘ಬಾಯಿ ಸಿಹಿ’ ಅಂತ ಯಾರೂ ಲೆಕ್ಕ ಹಿಡಿಯಬೇಡಿ.

ನಿಮ್ಮ ತಂಗಿಯಂಥವಳು,
ಸುಧಾಳ ಅವ್ವ