ತಂಗಿಯ ಮದುವೆಯ ದಿನ ಮನೆಯವರ ಪರವಾಗಿ ನಾಲ್ಕು ಮಾತು

ಎಲ್ಲರಿಗೂ ಶರಣು. ನಾನು ಮದುಮಗಳ ಅಣ್ಣ. ಊಟಕ್ಕೆ ಏಳುವ ಮುಂಚೆ ಐದು ನಿಮಿಷ ಕೊಡಿ. ಮನೆಯವರ ಪರವಾಗಿ ನೀನೇ ಮಾತಾಡು ಅಂತ ಅಪ್ಪ ಹೇಳಿದ್ದಾರೆ. ಯಾರನ್ನೂ ಮರೆಯಬಾರದು ಅಂತ ಬರೆದುಕೊಂಡೇ ಬಂದಿದ್ದೇನೆ.

ಈ ಮಾತು ಬರೆದದ್ದು ನಿನ್ನೆ ರಾತ್ರಿ, ಅಜ್ಜಿಯ ಮಂಚದ ಪಕ್ಕ ಕೂತು. ಬರಲಾಗದ ನೆಂಟರು ಹನ್ನೊಂದು ಜನ ಫೋನಿಗೆ ಶುಭಾಶಯ ಕಳಿಸಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಓದೋಕೆ ಬರಲ್ಲ. "ನನಗೂ ತಿಳಿಯೋ ಹಾಗೆ ಬರೆದುಕೊಡಪ್ಪ" ಅಂದರು. ಸುಲಭ ಅಂತ ಶುರು ಮಾಡಿದೆ. ಮುಗಿಯುವ ಹೊತ್ತಿಗೆ ಹನ್ನೆರಡೂವರೆ ಆಗಿತ್ತು.

ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. 'ಅಂಕಲ್ ಮತ್ತು ಆಂಟಿಗೆ ಪ್ರೀತಿಯಿಂದ' ಅಂತ ಇತ್ತು. ಯಾವ ಅಂಕಲ್? ಇವತ್ತು ತಂಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದವರು ಸೋದರಮಾವ. ಬೆಳಗಿನ ಜಾವ ಮೂರಕ್ಕೇ ಎದ್ದು ಅಡುಗೆ ಮನೆ ಬಾಗಿಲಲ್ಲಿ ನಿಂತವರು ಚಿಕ್ಕಪ್ಪ. ಇಬ್ಬರನ್ನೂ ಒಂದೇ ಹೆಸರಲ್ಲಿ ಬರೆಯೋಕೆ ನನಗೆ ಮನಸ್ಸಾಗಲಿಲ್ಲ. ಮಾವ, ಚಿಕ್ಕಪ್ಪ, ಇಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಮಾಡುತ್ತೇನೆ. ಸೋದರತ್ತೆ, ಆರತಿ ತಟ್ಟೆ ಹಿಡಿದು ಅಷ್ಟು ಹೊತ್ತು ನಿಂತಿರಲ್ಲ, ನಿಮ್ಮ ಮಂಡಿ ನೋವು ನಮಗೆಲ್ಲ ಗೊತ್ತು.

ಹೂಸ್ಟನ್‌ನಲ್ಲಿರುವ ದೊಡ್ಡಪ್ಪನ ಮೊಮ್ಮಗಳಿಗೆ ಎಂಟು ವರ್ಷ. ಅವಳು ಬರೆದದ್ದು ಒಂದೇ ಸಾಲು. ನಾನೂ ಅಲ್ಲಿದ್ದಿದ್ದರೆ ಅಕ್ಕಿ ಎಸೆಯಬಹುದಿತ್ತು ಅಂತ. ಅಕ್ಕಿ ಅಂತಲೇ ಮೊದಲು ಬರೆದೆ. ಆಮೇಲೆ ಹೊಡೆದು ಹಾಕಿ 'ಅಕ್ಷತೆ ಹಾಕಬಹುದಿತ್ತು' ಅಂತ ತಿದ್ದಿದೆ. ಓದಿ ಹೇಳಿದಾಗ ಅಜ್ಜಿ ಏನೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಸೆರಗಿನ ತುದಿಯಲ್ಲಿ ಒಂದು ಹಿಡಿ ಅಕ್ಷತೆ ಗಂಟು ಕಟ್ಟಿಕೊಂಡಿದ್ದಾರೆ. ತಾಳಿ ಕಟ್ಟುವಾಗ ತಮ್ಮ ಪಾಲಿನದು ಹಾಕಿದರು. ಆಮೇಲೆ ಗಂಟು ಬಿಚ್ಚಿ, ಆ ಮಗುವಿನ ಹೆಸರು ಹೇಳಿ ಅದನ್ನೂ ಹಾಕಿದರು. ಇಲ್ಲಿ ಈಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿ ರಾತ್ರಿ ಎರಡೂವರೆ. ಮಗು ನಿದ್ದೆಗೆಟ್ಟು ಫೋನಿನಲ್ಲಿ ನೋಡುತ್ತಾ ಇದೆ. ಪುಟ್ಟಿ, ನಿನ್ನ ಅಕ್ಷತೆ ಬಿತ್ತಮ್ಮ. ಅತ್ತೆಯ ತಲೆ ಮೇಲೇ ಬಿತ್ತು.

ಎಲ್ಲಕ್ಕಿಂತ ಜಾಸ್ತಿ ಕಷ್ಟ ಆದದ್ದು 'ಮಿಸ್ ಯು'. ಹನ್ನೊಂದರಲ್ಲಿ ಒಂಬತ್ತು ಜನ ಅದನ್ನೇ ಬರೆದಿದ್ದರು. 'ನಿಮ್ಮ ನೆನಪಾಗುತ್ತೆ' ಅಂತ ಬರೆದೆ, ಸಾಲದು ಅನಿಸಿತು. ಕೊನೆಗೆ 'ನೀವಿಲ್ಲದೆ ಇಲ್ಲಿ ಬಿಕೋ ಅನಿಸುತ್ತೆ' ಅಂತ ಮಾಡಿದೆ. ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನನಗೂ ಹಾಗೇ ಆಗುತ್ತೆ ಅಂತ ಬರಿ" ಅಂದರು. ಆ ಉತ್ತರ ಒಂಬತ್ತು ಜನಕ್ಕೂ ರಾತ್ರಿಯೇ ಹೋಗಿದೆ.

ಇನ್ನು ಇಲ್ಲಿರುವವರಿಗೆ. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಹೇಳಿದರೆ "ನಾವೇನು ಹೊರಗಿನವರಾ?" ಅಂತಾರೆ. ಆದರೆ ಇವತ್ತು ಹೇಳದೆ ಇರಲಾರೆ. ನಮ್ಮ ಬೀದಿಯ ಅಮ್ಮಂದಿರು ನಾಲ್ಕು ದಿನ ನಮ್ಮ ಹಿತ್ತಲಲ್ಲಿ ಕೂತು ಜೋಳದ ರೊಟ್ಟಿ ಬಡಿದರು. ಈ ದಾವಣಗೆರೆ ಬಿಸಿಲಲ್ಲಿ, ಒಲೆ ಮುಂದೆ. ಎದುರು ಮನೆ ಅಮ್ಮ ಬೆರಳು ಸುಟ್ಟುಕೊಂಡರು. ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಬಂದು ಕೂತರು. ಇವತ್ತು ಎಲೆಗೆ ಬರುವ ಖಡಕ್ ರೊಟ್ಟಿ ಅವರೆಲ್ಲ ಮಾಡಿದ್ದು. ಮೊನ್ನೆ ಗಾಳಿ ಮಳೆಗೆ ಚಪ್ಪರ ವಾಲಿದಾಗ ಬೀದಿ ಹುಡುಗರು ಕರೆಯದೇ ಬಂದು, ನೆನೆದುಕೊಂಡೇ ಕಟ್ಟಿದರು. ವಾಲಗದವರಿಗೆ, ಹೂವಿನವರಿಗೆ, ಅಡುಗೆಯವರಿಗೆ ನಮ್ಮ ಮನೆಯ ನಮಸ್ಕಾರ.

ದುರ್ಗದಿಂದ ಬಂದ ಬೀಗರೇ, ನಿಮಗೊಂದು ಮಾತು. ಅಮ್ಮನ ಮದುವೆಯ ಲಗ್ನಪತ್ರಿಕೆ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿ ವಿಳಾಸ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತ ಇದೆ. 1997ರ ತನಕ ನಾವೂ ನೀವೂ ಒಂದೇ ಜಿಲ್ಲೆಯವರು ಅಲ್ವಾ? ಮಾತುಕತೆಯ ದಿನ ನೀವು ಕೇಳಿದ್ದು ಒಂದೇ. ಹುಡುಗಿಗೆ ಓದು ಮುಂದುವರಿಸೋ ಆಸೆ ಇದೆಯಾ ಅಂತ. ಅವತ್ತು ರಾತ್ರಿ ಅಪ್ಪ ನೆಮ್ಮದಿಯಾಗಿ ನಿದ್ದೆ ಮಾಡಿದರು. ಅದಕ್ಕೆ ನಾವು ನಿಮಗೆ ಋಣಿ.

ಭಾವ, ನನ್ನ ತಂಗಿಗೆ ಸಿಟ್ಟು ಬಂದರೆ ಮಾತಾಡಲ್ಲ, ಸುಮ್ನೆ ಕೂತುಬಿಡುತ್ತಾಳೆ. ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂತರೆ ಸಾಕು. ತಂಗಿ, ದುರ್ಗ ಇಲ್ಲೇ ಇದೆ, ಬಸ್ ಹತ್ತಿದರೆ ಬಂದೆ. ನಿನ್ನ ಕೋಣೆಯ ಬೀಗದ ಕೈ ಅಮ್ಮನ ಹತ್ತಿರವೇ ಇರುತ್ತೆ.

ಎಲೆ ಹಾಕಿದ್ದಾರೆ. ಮೊದಲ ಪಂಕ್ತಿಗೆ ಬೀಗರು ಬರಬೇಕು. ಹೋಳಿಗೆಗೆ ತುಪ್ಪ ಬಡಿಸೋದು ನಾನು, ಬೇಡ ಅನ್ನಬೇಡಿ. ಬನ್ನಿ.